ಫೋನಿನಲ್ಲಿ ಸಿಕ್ಕಿಬೀಳುವ ‘ಇ’: ತಿಂಗಳಿಗೊಮ್ಮೆ ನಿಮ್ಮ ದನಿ ನೀವೇ ಕೇಳುವುದು ಹೇಗೆ

(ಕಲಬುರಗಿಯಲ್ಲಿ ಪದವಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತು. ಟಿಪ್ಪಣಿ ಮತ್ತು ರೆಕಾರ್ಡಿಂಗ್ ಇಟ್ಟುಕೊಂಡು ಬರಹಕ್ಕೆ ಇಳಿಸಿದ್ದು.)

ನೀವೆಲ್ಲ ಇಂಗ್ಲಿಷ್ ಮಾತಾಡುವುದನ್ನು ಕಲಿಯುತ್ತಿದ್ದೀರಿ. ಆರು ತಿಂಗಳಾಯಿತು, ಸುಧಾರಿಸಿದೆಯಾ ಅಂತ ಕೇಳಿದರೆ ‘ಸುಧಾರಿಸಿದೆ ಅನ್ನಿಸುತ್ತೆ ಸರ್’ ಅಂತೀರಿ. ಆ ‘ಅನ್ನಿಸುತ್ತೆ’ ಬಗ್ಗೆಯೇ ಇವತ್ತಿನ ಮಾತು. ತಿಂಗಳಿಗೊಮ್ಮೆ ದನಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ಅಂತ ಎಲ್ಲ ಕ್ಲಾಸುಗಳಲ್ಲೂ ಹೇಳುತ್ತಾರೆ. ಕೆಲವರು ಮಾಡಿಯೂ ಇರುತ್ತೀರಿ. ಆದರೆ ಆಮೇಲೆ ಏನು? ಜನವರಿಯದ್ದು ಒಂದು ಸಲ ಹಾಕಿ, ಜೂನಿನದ್ದು ಒಂದು ಸಲ ಹಾಕಿ, ‘ಪರವಾಗಿಲ್ಲ’ ಅಂದುಕೊಂಡು ಫೋನ್ ಜೇಬಿಗೆ ಹಾಕುತ್ತೀರಿ. ಹಾಗೆ ಕೇಳಿದರೆ ಅದು ಏನನ್ನೂ ಹೇಳುವುದಿಲ್ಲ. ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು.

ಮೊದಲಿಗೆ ಒಂದು ಚಿಕ್ಕ ವಿಷಯ ಮುಗಿಸಿಬಿಡುತ್ತೇನೆ. ರೆಕಾರ್ಡ್ ಆದ ತಮ್ಮ ದನಿ ಕೇಳಿದ ಕೂಡಲೇ ಹತ್ತರಲ್ಲಿ ಒಂಬತ್ತು ಜನ ಮುಖ ಕಿವುಚುತ್ತಾರೆ. ‘ಇದು ನನ್ನ ಧ್ವನಿ ಅಲ್ಲರಿ ಸರ್’ ಅಂತಾರೆ. ಮಾತಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಕೇಳುತ್ತದೆ. ಒಂದು ಗಾಳಿಯಿಂದ ಕಿವಿಗೆ. ಇನ್ನೊಂದು ತಲೆಬುರುಡೆಯ ಎಲುಬಿನ ಮೂಲಕ ಒಳಗಿಂದ. ಎಲುಬಿನ ದಾರಿಯಲ್ಲಿ ತಗ್ಗು ಸ್ವರ ಜಾಸ್ತಿ ಬರುತ್ತದೆ, ಹಾಗಾಗಿ ನಮ್ಮ ದನಿ ನಮಗೆ ತುಂಬಿಕೊಂಡ ಹಾಗೆ ಕೇಳುತ್ತದೆ. ಫೋನಿಗೆ ಗಾಳಿಯ ದಾರಿ ಒಂದೇ. ಅದಕ್ಕೇ ತೆಳ್ಳಗೆ ಕೇಳಿಸುತ್ತದೆ. ನಿಮ್ಮ ಅಮ್ಮ, ನಿಮ್ಮ ಗೆಳೆಯರು ದಿನಾ ಕೇಳುತ್ತಿರುವುದು ಈ ತೆಳು ದನಿಯನ್ನೇ. ನಾಲ್ಕೈದು ಸಲ ಕೇಳಿದರೆ ಒಗ್ಗಿಹೋಗುತ್ತದೆ. ದನಿ ಚೆನ್ನಾಗಿದೆಯೋ ಇಲ್ಲವೋ ಎಂಬುದು ನಮ್ಮ ಪ್ರಶ್ನೆಯೇ ಅಲ್ಲ.

ಈಗ ರೆಕಾರ್ಡಿಂಗಿಗೆ ಬರೋಣ. ನಾನು ಮಾಡಿಸುವುದು ಎರಡೇ ತುಂಡು, ಎರಡೂ ಸೇರಿ ಮೂರು ನಿಮಿಷ ದಾಟುವುದಿಲ್ಲ.

ಮೊದಲನೆಯದು ಓದು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು ಸ್ಪೀಚ್ ಆ್ಯಕ್ಸೆಂಟ್ ಆರ್ಕೈವ್ ಅಂತ ಒಂದು ದನಿ ಸಂಗ್ರಹ ಇಟ್ಟಿದ್ದಾರೆ. ಲೋಕದ ಬೇರೆ ಬೇರೆ ಭಾಷೆಯವರು ಒಂದೇ ಇಂಗ್ಲಿಷ್ ಪ್ಯಾರಾ ಓದಿದ್ದು ಅದರಲ್ಲಿದೆ, ಕನ್ನಡ ಮನೆಮಾತಿನವರ ದನಿಯೂ ಇದೆ. ಆ ಪ್ಯಾರಾದಲ್ಲಿ 69 ಪದ. ಸ್ಟೆಲ್ಲಾ ಎಂಬಾಕೆಗೆ ಅಂಗಡಿಯಿಂದ ಏನೇನು ತರಬೇಕು ಅಂತ ಹೇಳಿಕಳಿಸುವ ಮಾತು, ಅಷ್ಟೇ. ಕಥೆ ಅಂತ ಏನೂ ಇಲ್ಲ, ಇಂಗ್ಲಿಷಿನ ಬಹುತೇಕ ಎಲ್ಲ ಉಚ್ಚಾರಗಳು ಬರಲಿ ಅಂತ ಕಟ್ಟಿದ್ದು. ನಮಗೆ ಇದು ಒಳ್ಳೆಯದು, ಯಾಕೆಂದರೆ ಇದರಲ್ಲಿ ‘ಸ್’ ಜೊತೆ ಇನ್ನೊಂದು ವ್ಯಂಜನ ಕೂಡಿ ಶುರುವಾಗುವ ಪದ ಹತ್ತು ಇವೆ: ಸ್ಟೆಲ್ಲಾ, ಸ್ಟೋರ್, ಸ್ಪೂನ್ಸ್, ಸ್ನೋ, ಸ್ಲ್ಯಾಬ್ಸ್, ಸ್ನ್ಯಾಕ್, ಸ್ಮಾಲ್, ಸ್ನೇಕ್, ಸ್ಕೂಪ್, ಸ್ಟೇಷನ್.

ಯಾಕೆ ಇವೇ ಪದ? ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ಕೇಳಿ. ಇಸ್ಟೇಷನ್, ಇಸ್ಕೂಲ್, ಇಸ್ಟಾಪ್. ‘ಸ್’ ಪಕ್ಕದಲ್ಲಿ ಟ, ಪ, ಕ ಬಂದರೆ ಮುಂದೆ ಒಂದು ‘ಇ’ ಅಂಟಿಕೊಳ್ಳುತ್ತದೆ. ಉರ್ದು, ಹಿಂದಿ ಮಾತಾಡುವ ಕಡೆ ಇದು ಎಲ್ಲೆಲ್ಲೂ ಇದೆ. ನಮ್ಮ ಕಡೆ ಉರ್ದು, ಕನ್ನಡ ಎರಡೂ ಒಂದೇ ಓಣಿಯಲ್ಲಿ ಬೆಳೆದಿವೆ. ಮಜಾ ಏನೆಂದರೆ, ಪಕ್ಕದಲ್ಲಿ ನ ಅಥವಾ ಲ ಬಂದರೆ ‘ಇ’ ಮುಂದೆ ಬರುವುದಿಲ್ಲ, ನಡುವೆ ತೂರಿಕೊಳ್ಳುತ್ತದೆ. ಸ್ಲೇಟು ‘ಸಿಲೇಟು’ ಆಗುತ್ತದೆ, ‘ಇಸ್ಲೇಟು’ ಅಂತ ಯಾರೂ ಅನ್ನುವುದಿಲ್ಲ. ಅಂದರೆ ಇದು ಸೋಮಾರಿತನವಲ್ಲ, ನಾಲಿಗೆಗೆ ಅದರದ್ದೇ ಲೆಕ್ಕ ಇದೆ. ಊರಲ್ಲಿ ಮಾತಾಡುವಾಗ ಇಸ್ಟೇಷನ್ ಅನ್ನಿ, ಯಾರಿಗೂ ತೊಂದರೆ ಇಲ್ಲ, ನಾನೂ ಅನ್ನುತ್ತೇನೆ. ಇಂಟರ್‌ವ್ಯೂನಲ್ಲಿ ಬೇಡ ಅಂತ ನೀವು ತೀರ್ಮಾನಿಸಿದ್ದರೆ ಮಾತ್ರ ಇದನ್ನು ಹಿಡಿದು ನೋಡಬೇಕು.

ಎರಡನೆಯ ತುಂಡು ಮಾತು. ಇಲ್ಲಿ ಕಾಗದ ಇಲ್ಲ. ಹೊರಗಿನಿಂದ ಬಂದ ಒಬ್ಬರಿಗೆ ದಾರಿ ಹೇಳಬೇಕು. ಒಂದು ತಿಂಗಳು ಸೆಂಟ್ರಲ್ ಬಸ್ ಸ್ಟ್ಯಾಂಡಿನಿಂದ ಬಂದೇನವಾಜ್ ದರ್ಗಾಕ್ಕೆ. ಮುಂದಿನ ತಿಂಗಳು ರೈಲ್ವೆ ಸ್ಟೇಷನ್ನಿನಿಂದ ಶರಣಬಸವೇಶ್ವರ ಗುಡಿಗೆ. ಆಮೇಲೆ ಕೋಟೆಗೆ, ಆಮೇಲೆ ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ. ಹೊರಡುವ ಜಾಗ ಮಾತ್ರ ಸ್ಟ್ಯಾಂಡ್ ಇಲ್ಲವೇ ಸ್ಟೇಷನ್ನೇ ಆಗಿರಬೇಕು. ದಾರಿ ಹೇಳುವಾಗ ಸ್ಟ್ರೈಟ್, ಸ್ಟಾಪ್, ಸ್ಟಾರ್ಟ್, ಸ್ಕೂಲ್ ತಾವಾಗಿಯೇ ಬಾಯಿಗೆ ಬರುತ್ತವೆ. ನಮಗೆ ಬೇಕಾದ ಪದ ನಾವು ಕೇಳದೆಯೇ ಸಿಗುತ್ತವೆ. ತಲುಪುವ ಜಾಗ ತಿಂಗಳು ತಿಂಗಳು ಬದಲಾಗುವುದರಿಂದ ಬಾಯಿಪಾಠ ಆಗುವ ಭಯವೂ ಕಡಿಮೆ. ಜಾಗದ ಹೆಸರು ಒಂದು ಚೀಟಿ ಎತ್ತಿ ನೋಡಿ, ಹತ್ತು ಸೆಕೆಂಡ್ ಯೋಚಿಸಿ, ಎರಡು ನಿಮಿಷ ಮಾತಾಡಿ. ನಡುವೆ ತಡವರಿಸಿದರೆ ಅಳಿಸಿ ಮತ್ತೆ ಮಾಡಬೇಡಿ. ತಡವರಿಸಿದ್ದೇ ನಮಗೆ ಬೇಕಾಗಿರುವುದು.

ಓದು ಮತ್ತು ಮಾತು ಎರಡೂ ಯಾಕೆ ಬೇಕು ಅಂತ ಮುಂದೆ ಒಂದು ಉದಾಹರಣೆಯಲ್ಲಿ ಗೊತ್ತಾಗುತ್ತದೆ. ಅದಕ್ಕೆ ಮೊದಲು ಜಾಗದ ವಿಚಾರ, ಯಾಕೆಂದರೆ ನಮ್ಮ ಊರಿನಲ್ಲಿ ಇದು ಸಣ್ಣ ಸಮಸ್ಯೆ ಅಲ್ಲ.

ನಮ್ಮ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರಸಿ, ಹಳೆ ಮನೆಯಾದರೆ ಗೋಡೆಯೂ ಕಲ್ಲು. ದನಿ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಖಾಲಿ ಕೋಣೆಯಲ್ಲಿ ರೆಕಾರ್ಡ್ ಮಾಡಿದರೆ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ, ಮಾತಿನ ನಡುವಿನ ಮೌನ ಮುಚ್ಚಿಹೋಗುತ್ತದೆ. ಎದುರಿನ ಹಗ್ಗದ ಮೇಲೆ ಒಂದು ದಪ್ಪ ಕೌದಿ ಇಳಿಬಿಟ್ಟು, ನೆಲಕ್ಕೆ ಇನ್ನೊಂದು ಹಾಸಿ, ಅದರ ಮೇಲೆ ಕೂತು ಮಾತಾಡಿ. ಖರ್ಚಿಲ್ಲದ ಸ್ಟುಡಿಯೋ. ಫೋನ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ಎದುರಿಗೆ ಇಟ್ಟರೆ ‘ಪ’ ಅಂದಾಗ ಉಸಿರು ಮೈಕಿಗೆ ಬಡಿದು ಬುಸ್ ಅನ್ನುತ್ತದೆ.

ಇನ್ನು ಫ್ಯಾನು. ಜನವರಿಯಲ್ಲಿ ಫ್ಯಾನ್ ಇಲ್ಲದೆ ಮಾಡಿದ ರೆಕಾರ್ಡಿಂಗನ್ನು ಮೇ ತಿಂಗಳಿನದ್ದರ ಜೊತೆ ಹೋಲಿಸುತ್ತೀರಿ. ಮೇನಲ್ಲಿ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಕೂರುವ ಧೈರ್ಯ ಯಾರಿಗಿದೆ? ಆದರೆ ಫ್ಯಾನಿನ ಸದ್ದು, ‘ಸ್’ ಸದ್ದು ಎರಡೂ ಒಂದೇ ಜಾತಿಯ ಸುಯ್‌ಗುಟ್ಟುವ ಸದ್ದು. ಅದರಲ್ಲಿ ಇದು ಕರಗಿಹೋಗುತ್ತದೆ. ಕೂಲರ್ ಇದ್ದರಂತೂ ಕೇಳಲೇಬೇಡಿ. ಅದಕ್ಕೇ ಬೆಳಗ್ಗೆ ಐದೂವರೆ, ಆರು ಗಂಟೆಗೆ ಮಾಡಿ. ಮೂರು ನಿಮಿಷ ಫ್ಯಾನ್ ಇಲ್ಲದೆ ಬದುಕಬಹುದು. ವರ್ಷವಿಡೀ ಅದೇ ಹೊತ್ತು, ಅದೇ ಕೋಣೆ, ಆದಷ್ಟೂ ಅದೇ ಫೋನ್.

ಫೋನಿನ ರೆಕಾರ್ಡರ್ ಆ್ಯಪ್ ಸಾಕು. ವಾಟ್ಸಾಪ್ ವಾಯ್ಸ್ ಮೆಸೇಜ್ ಆಗಿ ನಿಮಗೆ ನೀವೇ ಕಳಿಸಿಕೊಂಡು ಇಡಬೇಡಿ. ಅದು ದನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ, ಮೇಲಾಗಿ ಆರು ತಿಂಗಳ ಮೇಲೆ ಹುಡುಕಿದರೆ ಕೈಗೆ ಸಿಗುವುದಿಲ್ಲ. ಫೈಲಿಗೆ ವರ್ಷ, ತಿಂಗಳು, ತುಂಡು ಎಂಬ ಕ್ರಮದಲ್ಲಿ ಹೆಸರಿಡಿ: `2025-01_odu`, `2025-01_maatu`. ಹೀಗಿಟ್ಟರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ತಿಂಗಳು ಮಾತಿನ ತುಂಡನ್ನು ಒಂದು ಸಲ ಮಾಡಿದರೆ ಸಾಲದು. ಅದೇ ವಾರದಲ್ಲಿ ಎರಡು ಮೂರು ದಿನ ಬಿಟ್ಟು ಇನ್ನೊಂದು ಮಾಡಿ, ಬೇರೆ ದಾರಿ ಇಟ್ಟುಕೊಂಡು. ಎರಡು ದಿನದಲ್ಲಿ ನಿಮ್ಮ ಇಂಗ್ಲಿಷ್ ಏನೂ ಸುಧಾರಿಸಿರುವುದಿಲ್ಲ, ಅಲ್ವಾ? ಆದರೂ ಎರಡರ ನಡುವೆ ವ್ಯತ್ಯಾಸ ಇರುತ್ತದೆ. ನಿದ್ದೆ, ಮೂಡು, ದಾರಿ ಗೊತ್ತಿರುವುದು, ಗೊತ್ತಿಲ್ಲದ್ದು, ಎಲ್ಲ ಸೇರಿ ಮಾತು ಏರುಪೇರಾಗುತ್ತದೆ. ಆ ಏರುಪೇರು ನಿಮ್ಮ ಅಳತೆಗೋಲು. ಮುಂದೆ ಯಾವುದೇ ತಿಂಗಳು ಇದಕ್ಕಿಂತ ಜಾಸ್ತಿ ಬದಲಾವಣೆ ಕಂಡರೆ ಮಾತ್ರ ಸುಧಾರಣೆ ಅನ್ನಿ. ದಿನಾ ರೆಕಾರ್ಡ್ ಮಾಡಬೇಡಿ ಅಂತ ನಾನು ಹೇಳುವುದೂ ಇದಕ್ಕೇ. ದಿನದಿಂದ ದಿನಕ್ಕೆ ಕಾಣುವುದೆಲ್ಲ ಈ ಏರುಪೇರೇ. ಒಂದು ದಿನ ಹಿಗ್ಗುತ್ತೀರಿ, ಮರುದಿನ ಕುಗ್ಗುತ್ತೀರಿ, ಎರಡಕ್ಕೂ ಅರ್ಥವಿಲ್ಲ.

ಉದಾಹರಣೆಗೆ ಬರುತ್ತೇನೆ. ಶಹಾಪುರದ ಕಡೆಯ ಒಬ್ಬ ಹುಡುಗಿ, ನರ್ಸಿಂಗ್ ಓದುತ್ತಿದ್ದಳು. ಆಸ್ಪತ್ರೆ ಇಂಟರ್‌ವ್ಯೂಗೆ ತಯಾರಿ. ಅವಳು ಹಾಳೆಯಲ್ಲಿ ಬರೆದಿಟ್ಟ ಲೆಕ್ಕವನ್ನೇ ನಿಮಗೆ ಹೇಳುತ್ತೇನೆ. ಹೆಸರು ಬೇಡ.

ಜನವರಿಯಲ್ಲಿ ಓದು ಮುಗಿಯಿತು. ಹತ್ತು ಪದಗಳಲ್ಲಿ ಎಲ್ಲವನ್ನೂ ನೋಡಬೇಡ, ನಾಲ್ಕು ನೋಡು ಅಂದೆ. ‘ದ ಸ್ಟೋರ್’ ಅಂದಾಗ ‘ಸ್’ ಮುಂಚೆ ‘ದ’ ಎಂಬಲ್ಲಿ ಒಂದು ಸ್ವರ ಹೇಗೂ ಇದೆ. ಅಲ್ಲಿ ‘ಇ’ ಬೇಕೇ ಆಗುವುದಿಲ್ಲ, ಬಂದರೂ ಗೊತ್ತಾಗುವುದಿಲ್ಲ. ಮುಂಚೆ ವ್ಯಂಜನ, ‘ಸ್’ ಪಕ್ಕದಲ್ಲಿ ಟ, ಪ, ಕ ಇರುವ ಕಡೆ ಮಾತ್ರ ಬಣ್ಣ ಬಯಲಾಗುತ್ತದೆ: ‘ಕಾಲ್ ಸ್ಟೆಲ್ಲಾ’, ‘ಸಿಕ್ಸ್ ಸ್ಪೂನ್ಸ್’, ‘ಕ್ಯಾನ್ ಸ್ಕೂಪ್’, ‘ಟ್ರೇನ್ ಸ್ಟೇಷನ್’. ಈ ನಾಲ್ಕರಲ್ಲಿ ಮೂರು ಕಡೆ ‘ಇ’ ಇತ್ತು. ಅವಳಿಗೆ ನಂಬಿಕೆ ಬರಲಿಲ್ಲ. ‘ನಾನು ಅಂದಿಲ್ಲರಿ ಸರ್’ ಅಂದಳು.

ಆಗ ಲ್ಯಾಪ್‌ಟಾಪಿನಲ್ಲಿ Audacity ತೆರೆದು ತೋರಿಸಿದೆ. ಪುಕ್ಕಟೆ ಸಿಗುವ ಸಾಫ್ಟ್‌ವೇರ್, ದನಿಯನ್ನು ಅಲೆಯ ಚಿತ್ರವಾಗಿ ತೋರಿಸುತ್ತದೆ. ‘ಟ್ರೇನ್ ಸ್ಟೇಷನ್’ ಇರುವ ಕಡೆ ದೊಡ್ಡದು ಮಾಡಿದೆ. ‘ಸ್’ ಅನ್ನುವುದು ನೋಡಲು ನುಣ್ಣನೆ ಪೊದೆಯ ಹಾಗೆ ಇರುತ್ತದೆ, ಒತ್ತೊತ್ತಾದ ಸಣ್ಣ ಗೆರೆಗಳು, ಅದರಲ್ಲಿ ಪುನರಾವರ್ತನೆ ಏನೂ ಇರುವುದಿಲ್ಲ. ಸ್ವರ ಹಾಗಲ್ಲ. ಒಂದೇ ಆಕಾರದ ಅಲೆ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ‘ನ್’ ಮುಗಿದು ಆ ಪೊದೆ ಶುರುವಾಗುವ ಮೊದಲು ಅಂಥ ಅಲೆಗಳ ಗುಂಪೊಂದು ಎದ್ದು ನಿಂತಿತ್ತು. ಅಷ್ಟನ್ನೇ ಆರಿಸಿ ಪ್ಲೇ ಮಾಡಿದರೆ ‘ಇ’ ಅಂತ ಸ್ಪಷ್ಟ ಕೇಳಿತು. ಆಮೇಲೆ ವಾದ ಇಲ್ಲ.

ಫೆಬ್ರವರಿಯ ಓದಿನಲ್ಲಿ ನಾಲ್ಕಕ್ಕೆ ನಾಲ್ಕೂ ಸ್ವಚ್ಛ. ಅವಳು ಮಾಡಿದ ಅಭ್ಯಾಸ ಸರಳ: ಮುಂಚಿನ ಪದಕ್ಕೆ ‘ಸ್’ ಅಂಟಿಸಿ ಎಳೆಯುವುದು, ‘ಟ್ರೇನ್‌ಸ್ಸ್ಸ್... ಟೇಷನ್’. ‘ಸಿಕ್ಸ್ ಸ್ಪೂನ್ಸ್’ ಅಂದರೆ ಎರಡು ‘ಸ್’ ಕೂಡಿ ಒಂದೇ ಉದ್ದ ‘ಸ್’. ಬಾಯಿ ತೆರೆಯಲು ಜಾಗವನ್ನೇ ಕೊಡಬಾರದು, ಅಷ್ಟೇ ಉಪಾಯ. ಓದು ಗೆದ್ದಿತು ಅಂತ ಖುಷಿ. ಆದರೆ ಅದೇ ದಿನದ ಮಾತಿನ ತುಂಡು ಹಾಕಿ ಎಣಿಸಿದೆವು. ಮುಂಚೆ ಸ್ವರ ಇಲ್ಲದ ಕಡೆ ಇಂಥ ಪದ ಎಂಟು ಬಂದಿದ್ದವು, ಆರರಲ್ಲಿ ‘ಇ’ ಇತ್ತು. ಜನವರಿಯಲ್ಲಿ ಒಂಬತ್ತರಲ್ಲಿ ಏಳು. ಅಂದರೆ ಏನೂ ಬದಲಾಗಿಲ್ಲ.

ಇದಕ್ಕೇ ನಾನು ಎರಡು ತುಂಡು ಅನ್ನುವುದು. ಓದುವಾಗ ಕಣ್ಣೆದುರು ಪದ ಇರುತ್ತದೆ, ಮನಸ್ಸೆಲ್ಲ ಉಚ್ಚಾರದ ಮೇಲಿರುತ್ತದೆ. ದಾರಿ ಹೇಳುವಾಗ ಜಗತ್ ಸರ್ಕಲ್ಲಿನಲ್ಲಿ ಎಡಕ್ಕೋ ಬಲಕ್ಕೋ ಎಂಬ ಯೋಚನೆ ಇರುತ್ತದೆ, ಉಚ್ಚಾರದ ಕಡೆ ಲಕ್ಷ್ಯ ಇರುವುದಿಲ್ಲ. ಹಳೆ ರೂಢಿ ವಾಪಸ್ ಬರುತ್ತದೆ. ಓದಿನಲ್ಲಿ ಸರಿಯಾಗಿ ಮಾತಿನಲ್ಲಿ ಸರಿಯಾಗದಿದ್ದರೆ ನಾಲಿಗೆಗೆ ಬರುತ್ತದೆ, ರೂಢಿ ಆಗಿಲ್ಲ ಅಂತ ಅರ್ಥ. ಓದಿನಲ್ಲೂ ಆಗದಿದ್ದರೆ ನಾಲಿಗೆಗೇ ಇನ್ನೂ ಬಂದಿಲ್ಲ. ಎರಡಕ್ಕೂ ಮದ್ದು ಬೇರೆ. ಮೊದಲನೆಯವರು ಮತ್ತೆ ಮತ್ತೆ ಅದೇ ಪದ ಹೇಳಿ ಉಪಯೋಗವಿಲ್ಲ, ಬೇರೇನನ್ನೋ ಯೋಚಿಸುತ್ತಾ ಮಾತಾಡುವ ಅಭ್ಯಾಸ ಮಾಡಬೇಕು.

ಈಗ ಫ್ಲುಯೆನ್ಸಿ, ಅಂದರೆ ಮಾತಿನ ಓಟ. ಇಲ್ಲಿ ಎಲ್ಲರೂ ಮೊದಲು ನೋಡುವುದು ಸ್ಪೀಡು. ನಿಮಿಷಕ್ಕೆ ಎಷ್ಟು ಪದ. ಇಂಗ್ಲಿಷ್ ಮನೆಮಾತಿನವರು ಮಾಮೂಲಿ ಮಾತಿನಲ್ಲಿ ನಿಮಿಷಕ್ಕೆ ಸುಮಾರು 150 ಪದ ಆಡುತ್ತಾರೆ, ಆ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ನಾವು ಎಣಿಸುವ ರೀತಿ ಹೀಗೆ. ಎರಡು ನಿಮಿಷದ ಮಾತಿನಲ್ಲಿ ಮೊದಲ ಇಪ್ಪತ್ತು ಸೆಕೆಂಡ್ ಬಿಟ್ಟುಬಿಡಿ, ಅದು ಎಲ್ಲರಿಗೂ ಬಾಯಿಪಾಠವಾದ ಪೀಠಿಕೆ. ಮುಂದಿನ ಒಂದು ನಿಮಿಷ ತೆಗೆದುಕೊಳ್ಳಿ. ಅದನ್ನು ಇದ್ದದ್ದು ಇದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೈ ತಾನಾಗಿಯೇ ಸರಿಯಾದ ಸ್ಪೆಲಿಂಗ್ ಬರೆದುಬಿಡುತ್ತದೆ, ತಪ್ಪು ಮಾಯವಾಗುತ್ತದೆ. ಕನ್ನಡದಲ್ಲಿ ‘ಇಸ್ಟ್ರೈಟ್’ ಅಂತ ಕೇಳಿದ್ದನ್ನು ‘ಇಸ್ಟ್ರೈಟ್’ ಅಂತಲೇ ಬರೆಯಬಹುದು. ಒಂದು ನಿಮಿಷ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ, ಮೊದಲ ಸಲ ಜಾಸ್ತಿಯೇ ಆಗಬಹುದು. ಬೇಸರದ ಕೆಲಸ ಹೌದು. ಆದರೆ ಸುಮ್ನೆ ಕೇಳಿದರೆ ಸಿಗದ್ದು ಬರೆದಾಗ ಸಿಗುತ್ತದೆ.

ಬರೆದಾದ ಮೇಲೆ ತೊಗರಿ ಕೇರಿದ ಹಾಗೆ ಕೇರಬೇಕು. ಆಕ್ಚುಲಿ, ಮೀನ್ಸ್, ಲೈಕ್, ‘ಐ ಐ ಐ ಯಾಮ್’ ಅಂತ ಮೂರು ಸಲ ಬಂದದ್ದು, ಅರ್ಧ ಹೇಳಿ ಬಿಟ್ಟದ್ದು, ಎಲ್ಲ ಹೊಡೆದುಹಾಕಿ. ಉಳಿದದ್ದನ್ನು ಎಣಿಸಿ. (ಈ ‘ಆಕ್ಚುಲಿ’ ಈಗ ಕನ್ನಡದಲ್ಲೂ ಬಂದು ಕೂತಿದೆ. ತರಕಾರಿ ಮಾರುವವರೂ ‘ಆಕ್ಚುಲಿ ಬದನೆಕಾಯಿ ಇವತ್ತು’ ಅಂತಾರೆ. ಇರಲಿ.) ನಮ್ಮ ಹುಡುಗಿ ಜನವರಿಯಲ್ಲಿ ಆಡಿದ್ದು 82 ಪದ, ಕೇರಿದ ಮೇಲೆ ಉಳಿದದ್ದು 64. ಅದೇ ವಾರದ ಎರಡನೆಯ ರೆಕಾರ್ಡಿಂಗಿನಲ್ಲಿ ಉಳಿದದ್ದು 69. ಅಂದರೆ ಅವಳ ಏರುಪೇರು ಐದು ಪದದಷ್ಟು.

ಮಾರ್ಚಿನಲ್ಲಿ ಅವಳು ಓಡಿ ಬಂದಳು. ‘ಈ ಸಲ ಸ್ಪೀಡ್ ಭಾಳ ಛಂದ ಬಂದದರಿ ಸರ್.’ ಆಡಿದ್ದು 98 ಪದ, ನಿಜ. ಕೇರಿದೆವು. ಉಳಿದದ್ದು 70. ಜನವರಿಯ 69ಕ್ಕೆ ಒಂದು ಜಾಸ್ತಿ. ಬೆಳೆದದ್ದೆಲ್ಲ ಜೊಳ್ಳು. ಮೌನಕ್ಕೆ ಹೆದರಿ ಆ ಜಾಗಕ್ಕೆ ‘ಆಕ್ಚುಲಿ’ ತುಂಬುತ್ತಿದ್ದಳು.

ಇಲ್ಲಿಗೆ ಮೌನದ ವಿಷಯ ಬಂತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಸ್ಪೀಡಿಗಿಂತ ಎಷ್ಟೋ ಜಾಸ್ತಿ. ಮಾತಿನ ನಡುವೆ ಯಾರೇ ಆದರೂ ನಿಲ್ಲುತ್ತಾರೆ. ಮನೆಮಾತಿನವರೂ ನಿಲ್ಲುತ್ತಾರೆ. ಆದರೆ ಅವರು ಹೆಚ್ಚಾಗಿ ನಿಲ್ಲುವುದು ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ಕಡೆ. ಕಲಿಯುವವರು ನಿಲ್ಲುವುದು ಮಾತಿನ ಹೊಟ್ಟೆಯಲ್ಲಿ. ‘ಗೋ ಟು ದ...’ ಅಂದು ನಿಲ್ಲುತ್ತಾರೆ, ಆಮೇಲೆ ‘ಸರ್ಕಲ್’. ಕೇಳುವವರಿಗೆ ತಡವರಿಸಿದ ಹಾಗೆ ಅನ್ನಿಸುವುದು ಈ ಎರಡನೆಯದರಿಂದ. ‘ಗೋ ಟು ದ ಸರ್ಕಲ್’ ಅಂದು ಎರಡು ಸೆಕೆಂಡ್ ನಿಂತು ‘ದೆನ್ ಟರ್ನ್ ಲೆಫ್ಟ್’ ಅಂದರೆ ಯೋಚಿಸಿ ಹೇಳುತ್ತಿದ್ದಾರೆ ಅನ್ನಿಸುತ್ತದೆ, ಅಷ್ಟೇ.

ಸಂಶೋಧನೆ ಮಾಡುವವರು ಸಾಮಾನ್ಯವಾಗಿ ಕಾಲು ಸೆಕೆಂಡ್ ಮೀರಿದ ಮೌನವನ್ನೆಲ್ಲ ಎಣಿಸುತ್ತಾರೆ. ನಮ್ಮ ಕಿವಿಗೆ ಅಷ್ಟು ಸಣ್ಣದು ಸಿಗುವುದಿಲ್ಲ, ಅರ್ಧ ಸೆಕೆಂಡ್ ಇಟ್ಟುಕೊಳ್ಳಿ. Audacity ಚಿತ್ರದಲ್ಲಿ ಮೌನ ಸಪಾಟು ಗೆರೆಯಾಗಿ ಕಾಣುತ್ತದೆ, ಮೇಲೆ ಸಮಯದ ಪಟ್ಟಿ ಇರುತ್ತದೆ. ಬರೆದ ಹಾಳೆಯಲ್ಲಿ ನಿಂತ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಹಾಕಿ. ಆಮೇಲೆ ಮಾತು ಮುಗಿದ ಕಡೆ ಬಿದ್ದ ಗೆರೆ ಎಷ್ಟು, ಹೊಟ್ಟೆಯಲ್ಲಿ ಬಿದ್ದದ್ದೆಷ್ಟು ಅಂತ ಬೇರೆ ಮಾಡಿ. ‘ಊಂ...’ ಅಂತ ಎಳೆದದ್ದೂ ಮೌನವೇ, ಗೆರೆ ಹಾಕಿ.

ಅವಳ ಹಾಳೆಯಲ್ಲಿ ಜನವರಿಯಲ್ಲಿ ಒಟ್ಟು 15 ಗೆರೆ, ಹೊಟ್ಟೆಯಲ್ಲಿ 11. ಮಾರ್ಚಿನಲ್ಲಿ 14, ಹೊಟ್ಟೆಯಲ್ಲಿ 10. ಸ್ಪೀಡು ಏರಿದರೂ ಇದು ಅಲ್ಲಾಡಲಿಲ್ಲ. ಗೆರೆ ಎಲ್ಲೆಲ್ಲಿ ಬಿದ್ದಿದೆ ಅಂತ ಕೂತು ನೋಡಿದಾಗ ಕಾರಣ ಸಿಕ್ಕಿತು. ಹೆಚ್ಚುಕಡಿಮೆ ಎಲ್ಲವೂ ‘ಟು ದ’, ‘ಫ್ರಮ್ ದ’, ‘ಅಟ್ ದ’ ಆದ ಮೇಲೆ. ಕನ್ನಡದಲ್ಲಿ ನಾವು ‘ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿ’ ಅಂತೀವಿ. ಜಾಗ ಮೊದಲು, ಕೆಲಸ ಕೊನೆಗೆ. ಇಂಗ್ಲಿಷಿನಲ್ಲಿ ಕೆಲಸ ಮೊದಲು: ‘ಟರ್ನ್ ಲೆಫ್ಟ್ ಅಟ್ ದ ಸರ್ಕಲ್’. ಅವಳು ಕನ್ನಡ ವಾಕ್ಯ ಮನಸ್ಸಿನಲ್ಲಿ ಕಟ್ಟಿ, ತಿರುವಿ ಹಾಕಿ ಹೇಳುತ್ತಿದ್ದಳು. ತಿರುವುವ ಕೆಲಸ ‘ಅಟ್ ದ’ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು.

ಇದು ಗೊತ್ತಾದ ಮೇಲೆ ಅಭ್ಯಾಸ ಬದಲಾಯಿತು. ಒಂದೊಂದೇ ಪದ ಕಲಿಯುವುದನ್ನು ಬಿಟ್ಟು ಇಡೀ ತುಣುಕು ಕಲಿತಳು: ‘ಗೋ ಸ್ಟ್ರೈಟ್ ಅಂಟಿಲ್ ಯೂ ಸೀ’, ‘ಇಟ್ಸ್ ಆನ್ ಯುವರ್ ಲೆಫ್ಟ್’, ‘ನೆಕ್ಸ್ಟ್ ಟು ದ’. ಹತ್ತೋ ಹನ್ನೆರಡೋ ತುಣುಕು, ಒಂದು ಉಸಿರಿಗೆ ಬರುವ ಹಾಗೆ. ತುಣುಕಿನ ನಡುವೆ ನಿಲ್ಲುವ ಹಾಗಿಲ್ಲ, ತುಣುಕು ಮುಗಿದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನಿಧಾನ ಮಾತಾಡು ಅಂತಲೂ ಹೇಳಿದೆ. ಏಪ್ರಿಲ್, ಮೇ ತಿಂಗಳ ಹಾಳೆಗಳಲ್ಲಿ ಅಂಥದ್ದೇನೂ ಇಲ್ಲ, ಮೇನಲ್ಲಿ ಪರೀಕ್ಷೆ ಬೇರೆ ಇತ್ತು. ಜೂನಿನಲ್ಲಿ ಆಡಿದ್ದು 88 ಪದ, ಮಾರ್ಚಿಗಿಂತ ಕಡಿಮೆ. ಆದರೆ ಕೇರಿದ ಮೇಲೆ 79 ಉಳಿಯಿತು. ಗೆರೆ 13, ಹೊಟ್ಟೆಯಲ್ಲಿ ನಾಲ್ಕೇ. ‘ಸ್’ ಪದ ಹತ್ತರಲ್ಲಿ ‘ಇ’ ಎರಡು. ಇದು ಐದು ಪದದ ಏರುಪೇರನ್ನು ದಾಟಿದ ಬದಲಾವಣೆ. ಇದನ್ನು ಸುಧಾರಣೆ ಅಂತ ಬರೆದುಕೊಳ್ಳಬಹುದು.

ಗಮನಿಸಿ, ಒಟ್ಟು ಮೌನದ ಸಂಖ್ಯೆ 15ರಿಂದ 13ಕ್ಕೆ ಇಳಿದದ್ದು ಏನೇನೂ ಅಲ್ಲ. ಬದಲಾದದ್ದು ಜಾಗ.

ಕೇಳುವ ಹೊತ್ತಿನ ಬಗ್ಗೆ ಎರಡು ಮಾತು. ರೆಕಾರ್ಡ್ ಮಾಡಿದ ದಿನವೇ ಕೇಳಬೇಡಿ. ಏನು ಹೇಳಬೇಕು ಅಂತಿದ್ದಿರಿ ಎಂಬುದು ಅವತ್ತು ತಲೆಯಲ್ಲಿ ಇನ್ನೂ ಬಿಸಿಯಾಗಿರುತ್ತದೆ, ಕಿವಿಗೆ ಅದೇ ಕೇಳುತ್ತದೆ. ಒಂದು ವಾರ ಬಿಡಿ. ಇನ್ನೊಂದು, ಮೂರು ನಾಲ್ಕು ತಿಂಗಳ ಫೈಲ್ ಸೇರಿದ ಮೇಲೆ ತಮ್ಮನಿಗೋ ಗೆಳತಿಗೋ ಕೊಟ್ಟು ಹೆಸರು ಬದಲಿಸಿ ಅ, ಆ, ಇ ಅಂತ ಇಡಲು ಹೇಳಿ. ಯಾವುದು ಯಾವ ತಿಂಗಳದ್ದು ಅಂತ ಗೊತ್ತಿಲ್ಲದೆ ಕೇಳಿ, ಎಣಿಸಿ, ಆಮೇಲೆ ತೆರೆದು ನೋಡಿ. ಜೂನಿನದ್ದು ಅಂತ ಗೊತ್ತಿದ್ದರೆ ಕಿವಿ ಜೂನಿಗೆ ಮಾರ್ಕ್ಸ್ ಕೊಟ್ಟುಬಿಡುತ್ತದೆ. ದಾರಿ ಬೇರೆ ಬೇರೆ ಇರುವುದರಿಂದ ಊಹಿಸಿಬಿಡುತ್ತೀರಿ ಅನ್ನುವುದೂ ನಿಜ, ಆದರೂ ಓದಿನ ತುಂಡಿಗೆ ಇದು ಚೆನ್ನಾಗಿ ನಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಪದ್ಧತಿ ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ‘ಇ’ ನಮ್ಮ ಕಿವಿಗೆ ಕೇಳುತ್ತದೆ, ಯಾಕೆಂದರೆ ‘ಇ’ ನಮ್ಮ ಭಾಷೆಯ ಸ್ವರವೇ. ಆದರೆ ಇಂಗ್ಲಿಷಿನಲ್ಲಿ ಎರಡು ‘ವ’ ಇವೆ. ವೆಸ್ಟ್ ಅಂದರೆ ಬನಿಯನ್, ವೆಸ್ಟ್ ಅಂದರೆ ಪಶ್ಚಿಮ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗಿಬಿಟ್ಟವು ನೋಡಿ. ಕಿವಿಯಲ್ಲೂ ಹಾಗೆಯೇ. ನಮಗೆ ಕೇಳದ ವ್ಯತ್ಯಾಸವನ್ನು ನಮ್ಮ ರೆಕಾರ್ಡಿಂಗಿನಲ್ಲಿ ಎಷ್ಟು ಸಲ ಹುಡುಕಿದರೂ ಸಿಗುವುದಿಲ್ಲ, ‘ಎಲ್ಲ ಸರಿ ಇದೆ’ ಅಂತಲೇ ಬರೆದುಕೊಳ್ಳುತ್ತೀರಿ.

ಇದಕ್ಕೆ ದನಿ ಬಿಟ್ಟು ವಿಡಿಯೋ ಮಾಡಿ. ಬನಿಯನ್ನಿನ ‘ವ’ಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಪಶ್ಚಿಮದ ‘ವ’ಕ್ಕೆ ಹಲ್ಲು ಕಾಣಬಾರದು, ತುಟಿ ಸೀಟಿ ಹೊಡೆಯುವಾಗಿನ ಹಾಗೆ ಗುಂಡಗಾಗಬೇಕು. ಕಿವಿಗೆ ಸಿಗದ್ದು ಕಣ್ಣಿಗೆ ಸಿಗುತ್ತದೆ. ಫೋನಿನ ಮುಂದಿನ ಕ್ಯಾಮೆರಾ ಸಾಕು.

ಇನ್ನೊಂದು ‘ಜ’. ಪುಟ ಅನ್ನುವ ಪೇಜ್ ಬೇರೆ, ‘ಹಿ ಪೇಜ಼್’ ಅಂದರೆ ದುಡ್ಡು ಕೊಡುತ್ತಾನೆ, ಅದು ಬೇರೆ. ಬಹಳ ಕನ್ನಡಿಗರಿಗೆ ಇದು ಕಷ್ಟ, ಆದರೆ ನಮ್ಮ ಊರಿನಲ್ಲಿ ಇದಕ್ಕೆ ಒಳ್ಳೆ ಅನುಕೂಲ ಇದೆ. ನಿಮ್ಮ ಬೆಂಚಿನಲ್ಲಿ ಉರ್ದು ಮನೆಮಾತಿನವರು ಇದ್ದಾರೆ. ಜ಼ಮೀನು, ಜ಼ಿಂದಗಿ ಅಂತ ಹುಟ್ಟಿದಾಗಿನಿಂದ ಅಂದವರು. ಅವರಿಗೆ ಈ ವ್ಯತ್ಯಾಸ ಥಟ್ಟನೆ ಕೇಳುತ್ತದೆ. ಹೀಗೆ ಮಾಡಿ: ಇಂಥ ಐದು ಜೋಡಿ, ಹತ್ತು ಪದ, ಚೀಟಿ ಬರೆದು ಕಲಸಿ ಒಂದೊಂದೇ ಎತ್ತಿ ಓದಿ ರೆಕಾರ್ಡ್ ಮಾಡಿ. ಅವರಿಗೆ ಕೊಟ್ಟು ‘ಯಾವುದು ಕೇಳಿತು ಬರೆಯಿರಿ’ ಅನ್ನಿ. ಚೀಟಿಯ ಸಾಲಿನ ಜೊತೆ ಹೋಲಿಸಿ. ಸುಮ್ನೆ ಊಹಿಸಿ ಬರೆದರೂ ಹತ್ತರಲ್ಲಿ ಐದರಷ್ಟು ಸರಿ ಬರುತ್ತವೆ, ಹಾಗಾಗಿ ಐದು ಬಂದರೆ ಸೊನ್ನೆ ಬಂತು ಅಂತಲೇ ತಿಳಿಯಿರಿ. ಒಂಬತ್ತು, ಹತ್ತು ಬಂದರೆ ಮಾತ್ರ ಕೆಲಸ ಆಗಿದೆ. ‘ವ’ಕ್ಕೆ ಮಾತ್ರ ಅವರ ಕಿವಿಯೂ ನಮ್ಮ ಹಾಗೆಯೇ, ಉರ್ದುವಿನಲ್ಲೂ ಒಂದೇ ‘ವ’. ಅದಕ್ಕೆ ವಿಡಿಯೋನೇ.

ಕೊನೆಗೆ, ಎಷ್ಟು ತಿಂಗಳು ಒಂದೇ ಉಚ್ಚಾರವನ್ನು ಹಿಡಿದು ಕೂರಬೇಕು ಅಂತ ಹಿಂದಿನ ಸಾಲಿನಿಂದ ಕೇಳಿದಿರಿ. ಓದಿನ ಲೆಕ್ಕ ನೋಡಿ ಬಿಡಬೇಡಿ, ಮಾತಿನ ಲೆಕ್ಕ ನೋಡಿ. ಎರಡು ತಿಂಗಳು ಸತತವಾಗಿ ಮಾತಿನಲ್ಲಿ ಹತ್ತು ಪದಕ್ಕೆ ಒಂದಕ್ಕಿಂತ ಜಾಸ್ತಿ ತಪ್ಪು ಇಲ್ಲದಿದ್ದರೆ ಮುಂದಿನದ್ದಕ್ಕೆ ಹೋಗಿ. ಹಳೆಯದನ್ನು ಪೂರ್ತಿ ಮರೆಯಬೇಡಿ, ದಾರಿ ಹೇಳುವ ತುಂಡು ಹೇಗೂ ಇರುತ್ತದೆ, ಎಣಿಸಿ ಹಾಳೆಯ ಮೂಲೆಯಲ್ಲಿ ಬರೆದಿಡಿ. ಶಹಾಪುರದ ಹುಡುಗಿಗೆ ಜೂನಿನಲ್ಲಿ ಎರಡು ಇದ್ದವಲ್ಲ, ಜುಲೈಯಲ್ಲಿ ಒಂದು, ಆಗಸ್ಟಿನಲ್ಲಿ ಒಂದು. ಸೆಪ್ಟೆಂಬರಿನಿಂದ ಅವಳು ‘ವ’ ಹಿಡಿದಿದ್ದಾಳೆ, ವಿಡಿಯೋ ಜೊತೆ.